ಟ್ಯೂಷನ್ ಟೀಚರ್‌ಗೆ ಒಂದು ತಿಂಗಳ ಪೋಸ್ಟ್ ಕ್ಯಾಲೆಂಡರ್: ಶುರುವಿನಿಂದ ಕೊನೆವರೆಗೆ

ನಮ್ಮ ಅತ್ತಿಗೆ ತುಮಕೂರಿನಲ್ಲಿ ಮನೆಯಲ್ಲೇ ಗಣಿತದ ಟ್ಯೂಷನ್ ಹೇಳಿಕೊಡುತ್ತಾರೆ. ಎಂಟರಿಂದ ಹತ್ತನೇ ಕ್ಲಾಸ್, ಎರಡು ಬ್ಯಾಚ್, ಒಟ್ಟು 22 ಮಕ್ಕಳು. ಯಾರೋ ಹೇಳಿದರು ಅಂತ ಒಂದು ಸಲ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ದಿನಕ್ಕೊಂದು ಪೋಸ್ಟ್ ಹಾಕಲು ಶುರು ಮಾಡಿದರು. ಹನ್ನೊಂದನೇ ದಿನಕ್ಕೆ ನಿಂತಿತು. ಆ ಹನ್ನೊಂದರಲ್ಲಿ ಆರು ಹೂವಿನ ಚಿತ್ರದ ಶುಭೋದಯ, ಮೂರು "ಅಡ್ಮಿಷನ್ ಓಪನ್", ಎರಡು ಸುವಿಚಾರ. ಫೋನ್ ಬಂದದ್ದು ಒಂದೇ. ಅದೂ ಚೀಟಿ ಸೇರಿ ಅಂತ ಕೇಳುವವರದ್ದು.

"ದಿನಾ ಏನ್ ಹಾಕೋದು ಕಣೇ? ತಲೆಗೆ ಏನೂ ಹೊಳೆಯಲ್ಲ" ಅಂದರು. ಹೊಳೆಯದೇ ಇರುವುದು ಸಹಜ. ಹೊಳೆಯುವವರೆಗೆ ಕಾಯುವ ಕೆಲಸವೇ ಅಲ್ಲ ಇದು. ಪೋಸ್ಟ್‌ಗೆ ಬೇಕಾದ ಸರಕೆಲ್ಲ ಸಂಜೆ ಐದರಿಂದ ಏಳರವರೆಗೆ ಅವರ ಹಾಲ್‌ನಲ್ಲೇ ಬಿದ್ದಿರುತ್ತದೆ. ಅದನ್ನು ಹೆಕ್ಕಿ, ಯಾವ ದಿನ ಯಾವುದು ಅಂತ ಮೊದಲೇ ಬರೆದಿಟ್ಟುಕೊಳ್ಳಬೇಕು, ಅಷ್ಟೇ. 2026ರ ನವೆಂಬರ್‌ಗೆ ನಾವಿಬ್ಬರೂ ಕೂತು ಮಾಡಿದ ಕ್ಯಾಲೆಂಡರನ್ನೇ ಇಟ್ಟುಕೊಂಡು ತೋರಿಸುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಶಾಲೆಯಲ್ಲಿ ಕೆಲಸ ಮಾಡುವ ಶಿಕ್ಷಕರಾಗಿದ್ದರೆ ಇಲ್ಲೇ ನಿಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಈ ಬರಹ ಪೂರ್ತಿಯಾಗಿ ಮನೆಪಾಠವನ್ನೇ ನಂಬಿಕೊಂಡವರಿಗೆ.

ಮೊದಲು ಶಾಲೆಯ ತಿಂಗಳು, ಆಮೇಲೆ ನಿಮ್ಮದು

ಹೆಚ್ಚಿನವರು ಖಾಲಿ ಕ್ಯಾಲೆಂಡರ್ ತೆಗೆದು ಮೂವತ್ತು ಮನೆಗಳನ್ನೂ ತುಂಬಲು ಹೋಗುತ್ತಾರೆ. ಅದಕ್ಕೂ ಮುಂಚೆ ಒಂದು ಹಾಳೆಯಲ್ಲಿ ಆ ತಿಂಗಳು ಮಕ್ಕಳ ಮನೆಯಲ್ಲಿ ಏನೇನು ನಡೆಯುತ್ತದೆ ಅಂತ ಬರೆಯಿರಿ. ನವೆಂಬರ್ ಅಂದರೆ ದಸರಾ ರಜೆ ಮುಗಿದಿದೆ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳು ಮನೆಗೆ ಬಂದಿವೆ, ಇಲ್ಲವೇ ಬರುತ್ತಿವೆ. ಅಂಕ ನೋಡಿ ಅಪ್ಪ ಅಮ್ಮನಿಗೆ ಗಾಬರಿ. ಟ್ಯೂಷನ್ ಹುಡುಕುವವರು ಜೂನ್‌ನಲ್ಲಿ ಒಂದು ಗುಂಪು ಬಂದರೆ, ಇನ್ನೊಂದು ಗುಂಪು ಬರುವುದು ಈಗಲೇ. ಎರಡನೇ ವಾರ ದೀಪಾವಳಿ, ಆ ಮೂರು ದಿನ ಯಾರೂ ಗಣಿತ ಓದುವುದಿಲ್ಲ. 14ಕ್ಕೆ ಮಕ್ಕಳ ದಿನ. ಹತ್ತನೇ ಕ್ಲಾಸಿನವರ ಮನೆಯಲ್ಲಿ ಮಾರ್ಚ್ ಪರೀಕ್ಷೆಯ ಲೆಕ್ಕಾಚಾರ ಆಗಲೇ ಶುರುವಾಗಿರುತ್ತದೆ.

ಇಷ್ಟು ಬರೆದುಕೊಂಡರೆ ತಿಂಗಳ ಆಕಾರ ತಾನಾಗಿ ಕಾಣಿಸುತ್ತದೆ. ಮೊದಲ ವಾರ ಉತ್ತರಪತ್ರಿಕೆ ಬಗ್ಗೆ ಮಾತಾಡಬೇಕು, ಎರಡನೇ ವಾರ ಹಗುರವಾಗಿರಬೇಕು, ಹೊಸ ಮಕ್ಕಳನ್ನು ಕರೆಯುವುದು ಕೊನೆಯ ವಾರಕ್ಕೆ. ಮೊದಲ ದಿನವೇ "ಸೀಟ್ ಇದೆ ಬನ್ನಿ" ಅಂದರೆ ಯಾರಿಗೂ ಬೇಡ. ಮೂರು ವಾರ ಉಪಯೋಗಕ್ಕೆ ಬರುವಂಥದ್ದೇನಾದರೂ ಕೊಟ್ಟ ಮೇಲೆ ಅದೇ ಮಾತು ಬೇರೆ ಥರ ಕೇಳಿಸುತ್ತದೆ.

ಒಂದು ವಾರ "ತಪ್ಪಿನ ಪುಸ್ತಕ" ಬರೆಯಿರಿ

ಇದು ನನ್ನ ಪ್ರಕಾರ ಇಡೀ ಕೆಲಸದ ಬೇರು. ಹಳೇ ನೋಟ್‌ಬುಕ್ ಒಂದನ್ನು ಬೋರ್ಡ್ ಪಕ್ಕದಲ್ಲಿಡಿ. ಮಕ್ಕಳು ಮಾಡಿದ ತಪ್ಪು, ಕೇಳಿದ ಪ್ರಶ್ನೆ, ಗೇಟಿನ ಹತ್ತಿರ ಪೋಷಕರು ಆಡಿದ ಮಾತು, ಎಲ್ಲವನ್ನೂ ಒಂದೊಂದು ಸಾಲು ಬರೆದುಕೊಳ್ಳಿ. ಚೆನ್ನಾಗಿ ಬರೆಯಬೇಕಿಲ್ಲ. ಅತ್ತಿಗೆಯ ಪುಸ್ತಕದ ಒಂದು ದಿನದ ಪುಟ ಹೀಗಿತ್ತು:

- ಎನ್‌ನೇ ಪದ ಕಂಡುಹಿಡಿಯುವಾಗ ಮೂವರು ಒಂದು ಕಳೆಯುವುದು ಮರೆತರು.
- (x + 3)² ಅಂದರೆ x² + 9 ಅಂತ ಬರೆದರು, ಮತ್ತೆ!
- "ಮಿಸ್, ಸ್ಟೆಪ್ ಬರೀದಿದ್ರೆ ಎಷ್ಟು ಮಾರ್ಕ್ಸ್ ಹೋಗುತ್ತೆ?"
- ಒಬ್ಬ ತಾಯಿ: "ಮನೇಲಿ ಎಲ್ಲಾ ಬರುತ್ತೆ ಮೇಡಂ, ಪರೀಕ್ಷೇಲಿ ಯಾಕೆ ಬರಲ್ಲ?"

ಆರು ದಿನಕ್ಕೆ 31 ಸಾಲು ಆಯಿತು. ಹನ್ನೆರಡು ಪೋಸ್ಟ್‌ಗೆ ಬೇಕಾದ್ದಕ್ಕಿಂತ ಜಾಸ್ತಿ. ಇಂಟರ್‌ನೆಟ್‌ನಲ್ಲಿ ಸಿಗುವ ರೆಡಿಮೇಡ್ ಐಡಿಯಾಗಳ ಪಟ್ಟಿಗೂ ಇದಕ್ಕೂ ವ್ಯತ್ಯಾಸ ಇರುವುದು ಇಲ್ಲೇ. ಈ ತಪ್ಪುಗಳನ್ನು ಪಕ್ಕದ ಬೀದಿಯ ಮಕ್ಕಳೂ ಇದೇ ವಾರ ಮಾಡುತ್ತಿರುತ್ತಾರೆ, ಯಾಕೆಂದರೆ ಪಠ್ಯಪುಸ್ತಕ ಒಂದೇ.

ಎಲ್ಲಿ ಹಾಕಬೇಕು, ಎಷ್ಟು ಹೊತ್ತಿಗೆ

ಮನೆ ಟ್ಯೂಷನ್‌ಗೆ ಮಕ್ಕಳು ಬರುವುದು ಸೈಕಲ್ ತುಳಿಯುವಷ್ಟು ದೂರದಿಂದ. ಹಾಗಾಗಿ ಇನ್‌ಸ್ಟಾಗ್ರಾಂನಲ್ಲಿ ಬೀದರ್‌ನವರು ಲೈಕ್ ಒತ್ತಿದರೆ ಖುಷಿ ಆಗುತ್ತದೆಯೇ ಹೊರತು ಒಂದು ಅಡ್ಮಿಷನ್ ಆಗುವುದಿಲ್ಲ. ನಾವು ವಾಟ್ಸ್‌ಆ್ಯಪ್ ಸ್ಟೇಟಸ್ಸನ್ನೇ ಮುಖ್ಯ ಮಾಡಿಕೊಂಡೆವು. ಅದೇ ಚಿತ್ರವನ್ನು ಆಮೇಲೆ ಫೇಸ್‌ಬುಕ್ ಪೇಜ್‌ಗೂ ಹಾಕುತ್ತಾರೆ.

ಸ್ಟೇಟಸ್‌ಗೆ ಎರಡು ಮಿತಿ ಇದೆ. 24 ಗಂಟೆಯಲ್ಲಿ ಅದು ಮಾಯವಾಗುತ್ತದೆ. ಇನ್ನೊಂದು, ನಿಮ್ಮ ನಂಬರ್ ಅವರ ಫೋನಿನಲ್ಲೂ ಅವರ ನಂಬರ್ ನಿಮ್ಮ ಫೋನಿನಲ್ಲೂ ಸೇವ್ ಆಗಿದ್ದರೆ ಮಾತ್ರ ಅವರಿಗೆ ಕಾಣಿಸುತ್ತದೆ. ಬ್ರಾಡ್‌ಕಾಸ್ಟ್ ಲಿಸ್ಟ್‌ಗೂ ಇದೇ ಕಥೆ: ಒಂದು ಲಿಸ್ಟ್‌ಗೆ 256 ಜನರವರೆಗೆ ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಮೆಸೇಜ್ ಹೋಗುವುದೇ ಇಲ್ಲ. ಆದ್ದರಿಂದ ಕ್ಯಾಲೆಂಡರ್ ಶುರು ಮಾಡುವ ಮುಂಚಿನ ವಾರ ಒಂದು ಸಣ್ಣ ಕೆಲಸ ಇದೆ. ಈಗಿನ ಮಕ್ಕಳ ಪೋಷಕರು, ಹಳೇ ವಿದ್ಯಾರ್ಥಿಗಳ ಪೋಷಕರು, ಯಾವತ್ತೋ ವಿಚಾರಿಸಿ ಹೋದವರು, ಎಲ್ಲರಿಗೂ "ನನ್ನ ನಂಬರ್ ಸೇವ್ ಮಾಡಿಕೊಳ್ಳಿ, ವಾರಕ್ಕೆರಡು ಮೂರು ಗಣಿತದ ಪೋಸ್ಟ್ ಹಾಕುತ್ತೇನೆ" ಅಂತ ಒಂದೇ ಒಂದು ಮೆಸೇಜ್ ಕಳಿಸಿ.

ಹಾಕುವ ಹೊತ್ತು ರಾತ್ರಿ ಎಂಟೂವರೆ. ಅತ್ತಿಗೆಯ ಎರಡನೇ ಬ್ಯಾಚ್ ಏಳಕ್ಕೆ ಮುಗಿಯುತ್ತದೆ, ಅವರ ಅಡುಗೆಯೂ ಆಗಿರುತ್ತದೆ, ಬೇರೆ ತಾಯಂದಿರೂ ಆಗಷ್ಟೇ ಫೋನ್ ಹಿಡಿದಿರುತ್ತಾರೆ. ಫೇಸ್‌ಬುಕ್ ಪೋಸ್ಟನ್ನು ಮೊದಲೇ ಶೆಡ್ಯೂಲ್ ಮಾಡಿಡಬಹುದು. ಸ್ಟೇಟಸ್‌ಗೆ ಫೋನಿನ ಅಲಾರಂ ಇಟ್ಟುಕೊಂಡಿದ್ದಾರೆ.

ನಾಲ್ಕು ಬಗೆ ಸಾಕು

ಬಗೆಬಗೆಯ ಪೋಸ್ಟ್ ಬೇಕು ಅನ್ನುವುದು ಬರೀ ಬೇಜಾರು ತಪ್ಪಿಸಲಿಕ್ಕಲ್ಲ. ಓದುವವರು ಬೇರೆ ಬೇರೆ. ಮಗುವಿಗೆ ಬೇಕಾದದ್ದು ಅಪ್ಪನಿಗೆ ಬೇಡ.

ಮೊದಲನೆಯದು ತಪ್ಪಿನ ಪೋಸ್ಟ್, ಮಂಗಳವಾರ. ಒಂದು ಲೆಕ್ಕ, ಎಲ್ಲರೂ ಮಾಡುವ ಒಂದು ತಪ್ಪು, ಸರಿಯಾದದ್ದು. ಇದನ್ನು ಮಕ್ಕಳು ನೋಡುತ್ತಾರೆ, ಆದರೆ ಟೀಚರ್ ಹೇಗೆ ಹೇಳಿಕೊಡುತ್ತಾರೆ ಅಂತ ಅಳೆಯುವವರು ಪೋಷಕರು. ಎರಡನೆಯದು ಒಗಟು, ಗುರುವಾರ. ಉತ್ತರ ಮರುದಿನ ಶುಕ್ರವಾರ. ಇದು ಮನೆಯವರೆಲ್ಲ ಸೇರಿ ತಲೆ ಕೆರೆದುಕೊಳ್ಳುವಂಥದ್ದು. ಜನ ಉತ್ತರ ಬರೆದು ಕಳಿಸಿದಾಗ ಮಾತುಕತೆ ಶುರುವಾಗುತ್ತದೆ. ಮೂರನೆಯದು ಪೋಷಕರ ಪೋಸ್ಟ್, ಶನಿವಾರ. ಲೆಕ್ಕ ಇಲ್ಲ, ಅವರ ಚಿಂತೆಗೆ ಉತ್ತರ ಮಾತ್ರ. ಇವು ಮೂರೂ ಪ್ರತಿ ವಾರದ ಕಂಬಗಳು. ನಾಲ್ಕನೆಯದಕ್ಕೆ ನಿಗದಿತ ದಿನ ಇಲ್ಲ, ಬೇಕಾದಾಗ ಬರುತ್ತದೆ: ಕ್ಲಾಸಿನ ಒಂದು ನೋಟ, ವಿಶೇಷ ದಿನ, ಅಡ್ಮಿಷನ್. ಇಡೀ ತಿಂಗಳಲ್ಲಿ ಈ ಬಗೆಯದು ಮೂರು ಮೀರಬಾರದು.

ವಾರಕ್ಕೆ ಮೂರು ಅಂದಾಗ ಅತ್ತಿಗೆಗೆ ಕಡಿಮೆ ಅನ್ನಿಸಿತು. ಆದರೆ ಹನ್ನೊಂದನೇ ದಿನಕ್ಕೆ ನಿಂತುಹೋದ ದಿನಕ್ಕೊಂದಕ್ಕಿಂತ, ತಿಂಗಳಿಡೀ ನಡೆಯುವ ವಾರಕ್ಕೆ ಮೂರು ವಾಸಿ ಅಲ್ವಾ?

ನವೆಂಬರನ್ನು ತುಂಬುವುದು

ಗೂಗಲ್ ಶೀಟ್‌ನಲ್ಲಿ ಐದು ಕಾಲಂ ಮಾಡಿದೆವು: ದಿನ, ಬಗೆ, ಯಾರಿಗೆ, ವಿಷಯ, ಏನು ತಯಾರಿ ಬೇಕು. ಅಡುಗೆಮನೆಯ ಗೋಡೆ ಕ್ಯಾಲೆಂಡರ್ ಮೇಲೆ ಪೆನ್ಸಿಲಿನಲ್ಲಿ ಬರೆದರೂ ನಡೆಯುತ್ತದೆ. ಪೆನ್ಸಿಲ್ ಮಾತ್ರ ಮುಖ್ಯ, ಯಾಕೆಂದರೆ ಬದಲಾಗುತ್ತದೆ. 2026ರ ನವೆಂಬರ್ ಭಾನುವಾರ ಶುರುವಾಗುವುದರಿಂದ ವಾರಗಳು ನೀಟಾಗಿ ಕೂರುತ್ತವೆ.

ಮೊದಲ ವಾರ. ಮಂಗಳವಾರ 3ಕ್ಕೆ ಎನ್‌ನೇ ಪದದ ತಪ್ಪು. ಬುಧವಾರ 4 ಶಕುಂತಲಾ ದೇವಿ ಹುಟ್ಟಿದ ದಿನ (1929, ಬೆಂಗಳೂರು). 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದವರು. ಹಾಗಾಗಿ ಗುರುವಾರದ ಒಗಟನ್ನು ಬುಧವಾರಕ್ಕೆ ಎಳೆದೆವು: 12345679ನ್ನು 9ರಿಂದ ಗುಣಿಸಿದರೆ 111111111 ಬರುತ್ತದೆ. ಹಾಗಾದರೆ 63ರಿಂದ ಗುಣಿಸಿದರೆ ಎಷ್ಟು, ಪೆನ್ನು ಹಿಡಿಯದೆ ಹೇಳಿ. ಗುರುವಾರ ಉತ್ತರ, 777777777. ಶನಿವಾರ 7 ಸಿ. ವಿ. ರಾಮನ್ ಹುಟ್ಟಿದ ದಿನವೂ ಹೌದು. ಆದರೆ ಅದನ್ನು ಬಿಟ್ಟೆವು. ಅತ್ತಿಗೆ ವಿಜ್ಞಾನ ಹೇಳಿಕೊಡುವುದಿಲ್ಲ, ಅಲ್ಲದೆ ಉತ್ತರಪತ್ರಿಕೆ ಮನೆಗೆ ಬಂದಿರುವ ಆ ಶನಿವಾರ ಪೋಷಕರ ಪೋಸ್ಟ್ ತಪ್ಪಬಾರದು. ವಿಶೇಷ ದಿನ ನಿಮ್ಮ ವಿಷಯಕ್ಕೆ ಒಗ್ಗಿದರೆ ಮಾತ್ರ ಇಟ್ಟುಕೊಳ್ಳಿ. 1ಕ್ಕೆ ರಾಜ್ಯೋತ್ಸವದ ಶುಭಾಶಯ ಹಾಕುವುದಾದರೆ ಹಾಕಿ, ಅದನ್ನು ಪೋಸ್ಟ್ ಅಂತ ಎಣಿಸಬೇಡಿ.

ಎರಡನೇ ವಾರ ದೀಪಾವಳಿ. ಮಂಗಳವಾರದ ತಪ್ಪಿನ ಪೋಸ್ಟ್ ತೆಗೆದುಹಾಕಿದೆವು. ಗುರುವಾರ 12ಕ್ಕೆ ದೀಪದ ಒಗಟು: ಮೊದಲ ಸಾಲಿನಲ್ಲಿ 1 ದೀಪ, ಎರಡನೆಯದರಲ್ಲಿ 3, ಮೂರನೆಯದರಲ್ಲಿ 5, ಹೀಗೆ ಹತ್ತು ಸಾಲಿಗೆ ಒಟ್ಟು ಎಷ್ಟು ದೀಪ? ಉತ್ತರ 100. ಎಂಟನೇ ಕ್ಲಾಸಿನವರು ಕೂಡಿಸಿ ಹೇಳುತ್ತಾರೆ, ಹತ್ತನೆಯವರು ಶ್ರೇಢಿಯ ಮೊತ್ತದ ಸೂತ್ರ ಹಾಕುತ್ತಾರೆ. ಒಂದೇ ಒಗಟು ಎರಡು ಕ್ಲಾಸಿಗೆ ಆಯಿತು. ಶನಿವಾರ 14, ಮಕ್ಕಳ ದಿನ. ಚಾಚಾ ನೆಹರೂ ಚಿತ್ರದ ಬದಲು, ಮಕ್ಕಳು ಚೀಟಿಯಲ್ಲಿ ಬರೆದ "ಗಣಿತದಲ್ಲಿ ನನಗೆ ಅರ್ಥವಾಗದ ಒಂದು ವಿಷಯ" ಅನ್ನುವ ಸಾಲುಗಳನ್ನೆಲ್ಲ ಮೇಜಿನ ಮೇಲೆ ಹರಡಿ ಒಂದು ಫೋಟೊ. ಹೆಸರು ಇಲ್ಲ, ಮುಖ ಇಲ್ಲ.

ಮೂರನೇ ವಾರ ಮಾಮೂಲು. 17ಕ್ಕೆ (x + 3)² ತಪ್ಪು. 19ಕ್ಕೆ ಪೆನ್ನಿನ ಒಗಟು: ಪೆನ್ನು, ನೋಟ್‌ಬುಕ್ ಸೇರಿ 110 ರೂಪಾಯಿ, ನೋಟ್‌ಬುಕ್ ಬೆಲೆ ಪೆನ್ನಿಗಿಂತ 100 ಜಾಸ್ತಿ, ಪೆನ್ನಿಗೆಷ್ಟು? ಅರ್ಧಕ್ಕರ್ಧ ಜನ ಹತ್ತು ಅನ್ನುತ್ತಾರೆ. ಸರಿಯಾದದ್ದು ಐದು. ತಪ್ಪು ಉತ್ತರ ಬೇಗ ಹೊಳೆಯುವ ಒಗಟಿಗೇ ಉತ್ತರ ಜಾಸ್ತಿ ಬರುತ್ತವೆ. 21ಕ್ಕೆ ಪೋಷಕರಿಗೆ, ಎಸ್‌ಎಸ್‌ಎಲ್‌ಸಿ ಗಣಿತದ 100 ಅಂಕದಲ್ಲಿ 80 ಬರವಣಿಗೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ ಅನ್ನುವ ವಿವರಣೆ. ಎಷ್ಟೋ ಪೋಷಕರಿಗೆ ಇದು ಗೊತ್ತಿರುವುದಿಲ್ಲ.

ನಾಲ್ಕನೇ ವಾರ. 24ಕ್ಕೆ x² = 25 ಆದರೆ x = 5 ಅಂತ ಮಾತ್ರ ಬರೆದು −5 ಬಿಟ್ಟುಬಿಡುವ ತಪ್ಪು. 25ಕ್ಕೆ ಅಡ್ಮಿಷನ್. 26ಕ್ಕೆ ಅಂಗಡಿಯ ಒಗಟು: 500 ರೂಪಾಯಿಯ ಬಟ್ಟೆಗೆ ಮೊದಲು 20% ಏರಿಸಿ, ಆಮೇಲೆ 20% ರಿಯಾಯಿತಿ ಕೊಟ್ಟರೆ ಎಷ್ಟು? 480. ಶನಿವಾರ 28ರ ಮನೆ ಖಾಲಿ ಬಿಟ್ಟಿದ್ದೇವೆ, ಬೇಕಂತಲೇ. ತಿಂಗಳಲ್ಲಿ ಪೋಷಕರು ಕೇಳುವ ಯಾವುದೋ ಒಂದು ಪ್ರಶ್ನೆಗೆ ಅಲ್ಲಿ ಉತ್ತರ. 29, 30 ಡಿಸೆಂಬರ್ ಬರೆಯಲು.

ಲೆಕ್ಕ ಹಾಕಿದರೆ ಹನ್ನೆರಡು ಪೋಸ್ಟ್, ನಾಲ್ಕು ಉತ್ತರ.

ಒಂದು ಪೋಸ್ಟ್ ಹತ್ತಿರದಿಂದ

3ನೇ ತಾರೀಖಿನದನ್ನೇ ನೋಡೋಣ. ಅತ್ತಿಗೆ ಮೊದಲು ಬರೆದದ್ದು "ಸಮಾಂತರ ಶ್ರೇಢಿಯಲ್ಲಿ ವಿದ್ಯಾರ್ಥಿಗಳು ಮಾಡುವ ಸಾಮಾನ್ಯ ತಪ್ಪುಗಳು" ಅಂತ. ಕೆಳಗೆ ಐದು ತಪ್ಪು. ಫೋನಿನ ಪರದೆಯಲ್ಲಿ ಓದಲು ಆಗುವುದಿಲ್ಲ, ಸ್ಟೇಟಸ್ ಓಡಿಹೋಗುತ್ತದೆ. ಒಂದೇ ತಪ್ಪು ಇಟ್ಟುಕೊಂಡು ಮೂರು ಸ್ಟೇಟಸ್ ಮಾಡಿದೆವು.

ಮೊದಲನೆಯದರಲ್ಲಿ ಬೋರ್ಡ್ ಫೋಟೊ: "5, 8, 11, 14… 20ನೇ ಪದ ಎಷ್ಟು? 65 ಅಂದಿರಾ?" ಎರಡನೆಯದರಲ್ಲಿ ಬೀದಿ ದೀಪದ ಕಂಬಗಳ ಗೆರೆಚಿತ್ರ: "20 ಕಂಬಗಳ ನಡುವೆ ಜಾಗ ಎಷ್ಟು? 19." ಮೂರನೆಯದು: "ಹಾಗಾಗಿ 3ನ್ನು ಕೂಡಿಸುವುದು 19 ಸಲ. 5 + 19 × 3 = 62." ಅಷ್ಟೇ. ಸೂತ್ರವನ್ನು ಹೇಳಲೇ ಇಲ್ಲ. ಗಣಿತ ಬಿಟ್ಟು ಇಪ್ಪತ್ತು ವರ್ಷ ಆದ ತಾಯಿಗೂ ಕಂಬದ ಮಾತು ಅರ್ಥವಾಗುತ್ತದೆ, "ಈ ಟೀಚರ್ ಬಿಡಿಸಿ ಹೇಳ್ತಾರೆ" ಅಂತ ಅನ್ನಿಸುವುದು ಅಲ್ಲೇ.

ಫೋಟೊ ತೆಗೆಯುವಾಗ ಬೋರ್ಡಿನ ಮೇಲೆ ಟ್ಯೂಬ್‌ಲೈಟ್ ಹೊಳಪು ಬೀಳದಂತೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಒಂದು ಫೋಟೊದಲ್ಲಿ ನಾಲ್ಕು ಸಾಲಿಗಿಂತ ಜಾಸ್ತಿ ಬರೆಯಬೇಡಿ. ಕೈಬರಹವೇ ಚೆಂದ, ಬಣ್ಣದ ಡಿಸೈನ್ ಮಾಡಿದರೆ ಜಾಹೀರಾತು ಅಂದುಕೊಂಡು ಜನ ದಾಟಿಸಿಬಿಡುತ್ತಾರೆ. ತಯಾರಿಯನ್ನು ದಿನವೂ ಮಾಡುವುದಿಲ್ಲ. ಭಾನುವಾರ ಬೆಳಗ್ಗೆ ತಿಂಡಿ ಆದ ಮೇಲೆ ಒಂದೂವರೆ ಗಂಟೆ ಕೂತು ಆ ವಾರದ ಮೂರನ್ನೂ ಬರೆದು, ಫೋಟೊ ತೆಗೆದು, ಫೋನಿನಲ್ಲಿ ಒಂದು ಆಲ್ಬಮ್‌ಗೆ ಹಾಕಿಡುತ್ತಾರೆ. ಒಗಟಿನ ಉತ್ತರವನ್ನೂ ಆಗಲೇ ಮಾಡಿಡಬೇಕು. ಇಲ್ಲದಿದ್ದರೆ ಶುಕ್ರವಾರ ಮರೆತೇ ಹೋಗುತ್ತದೆ, ಮುಂದಿನ ಒಗಟಿಗೆ ಯಾರೂ ಉತ್ತರ ಕಳಿಸುವುದಿಲ್ಲ.

ಶನಿವಾರ 7ರ ಪೋಷಕರ ಪೋಸ್ಟ್ ಬರೀ ಅಕ್ಷರ: "80ಕ್ಕೆ 46 ಬಂದಿದೆಯಾ? ಬೈಯುವ ಮುಂಚೆ ಹೋದ 34 ಅಂಕವನ್ನು ಮೂರು ಭಾಗ ಮಾಡಿ. ಬಿಟ್ಟ ಪ್ರಶ್ನೆಗೆ ಎಷ್ಟು, ಹಂತ ಬರೆಯದ್ದಕ್ಕೆ ಎಷ್ಟು, ಗೊತ್ತಿಲ್ಲದೆ ತಪ್ಪಿದ್ದಕ್ಕೆ ಎಷ್ಟು." ಕೆಳಗೆ ಒಂದು ಉದಾಹರಣೆ: 12, 9, 13. ಮೊದಲನೆಯದು ಸಮಯದ ತೊಂದರೆ, ಎರಡನೆಯದು ಅಭ್ಯಾಸದ್ದು, ಮೂರನೆಯದಕ್ಕೆ ಮಾತ್ರ ಪಾಠ ಮತ್ತೆ ಬೇಕು. ಇದನ್ನು ಓದಿದವರು ಉತ್ತರಪತ್ರಿಕೆ ಹಿಡಿದುಕೊಂಡೇ ಬರುತ್ತಾರೆ. ಬಂದು ಕೇಳುವ ಮೊದಲ ಪ್ರಶ್ನೆ ಫೀಸಿನದ್ದಾಗಿರುವುದಿಲ್ಲ.

ಅಡ್ಮಿಷನ್ ಪೋಸ್ಟ್

ತಿಂಗಳಿಗೆ ಒಂದೇ. ಅದರಲ್ಲಿ ಯಾವ ಕ್ಲಾಸ್, ಯಾವ ಮಾಧ್ಯಮ, ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಸೀಟ್, ಫೀಸ್ ಎಷ್ಟು, ಯಾವ ಬಡಾವಣೆ, ಯಾವ ಸಮಯದಲ್ಲಿ ಫೋನ್ ಮಾಡಬೇಕು. ಫೀಸ್ ಬರೆಯಬೇಕಾ ಬೇಡವಾ ಅಂತ ನಮ್ಮಿಬ್ಬರಿಗೆ ಜಗಳವೇ ಆಯಿತು. ಬರೆಯಿರಿ ಅನ್ನುವುದು ನನ್ನ ವಾದ. ಬರೆಯದಿದ್ದರೆ ಹತ್ತು ಫೋನ್ ಬಂದು ಎಂಟು ಜನ "ಮನೇಲಿ ಕೇಳಿ ಹೇಳ್ತೀವಿ" ಅನ್ನುತ್ತಾರೆ. ಇನ್ನೊಂದು ಸಾಲನ್ನು ಅತ್ತಿಗೆಯೇ ಸೇರಿಸಿದರು: "ಹತ್ತನೇ ಕ್ಲಾಸಿಗೆ ಈಗ ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ." ಅರ್ಧ ಪಾಠ ಮುಗಿದ ಬ್ಯಾಚಿಗೆ ಹೊಸ ಮಗು ಬಂದರೆ ಇಬ್ಬರಿಗೂ ಕಷ್ಟ. ಆ ಸಾಲು ನೋಡಿಯೇ ಎಂಟನೇ ಕ್ಲಾಸಿನ ಪೋಷಕರು ಈಗಲೇ ಸೇರಿಸಬೇಕು ಅಂದುಕೊಳ್ಳುತ್ತಾರೆ. "100ಕ್ಕೆ 100 ಗ್ಯಾರಂಟಿ" ಥರದ್ದು ಮಾತ್ರ ಬೇಡವೇ ಬೇಡ.

ಎಡವುವ ಜಾಗಗಳು

ಅತ್ತಿಗೆ ಹಿಂದೊಮ್ಮೆ ಕಿರುಪರೀಕ್ಷೆಯ ಅಂಕಪಟ್ಟಿಯನ್ನು ಹೆಸರು ಸಮೇತ ಸ್ಟೇಟಸ್‌ಗೆ ಹಾಕಿದ್ದರು. ಮೊದಲು ಬಂದವರಿಗೆ ಖುಷಿ ಆಗಲಿ ಅಂತ. ಕೊನೆಯಲ್ಲಿದ್ದ ಹುಡುಗನ ತಾಯಿ ಮರುದಿನ ಬಂದು ಪುಸ್ತಕ ವಾಪಸ್ ತೆಗೆದುಕೊಂಡು ಹೋದರು, ಒಂದು ಮಾತೂ ಆಡಲಿಲ್ಲ. ಅವತ್ತಿನಿಂದ ಹೆಸರು, ಅಂಕ, ಮುಖ ಯಾವುದೂ ಇಲ್ಲ. ಮಗುವಿನ ಫೋಟೊ ಬೇಕೇ ಬೇಕಾದರೆ ಪೋಷಕರಿಂದ ಮೆಸೇಜಿನಲ್ಲಿ ಒಪ್ಪಿಗೆ ಪಡೆಯುತ್ತಾರೆ. ತಪ್ಪಿನ ಪೋಸ್ಟ್‌ಗೂ ಮಗುವಿನ ನೋಟ್‌ಬುಕ್ ಫೋಟೊ ತೆಗೆಯುವುದಿಲ್ಲ, ತಪ್ಪನ್ನು ತಾವೇ ಬೋರ್ಡಿನಲ್ಲಿ ಬರೆಯುತ್ತಾರೆ. ಕೈಬರಹವನ್ನು ಗೆಳೆಯರು ಗುರುತು ಹಿಡಿಯುತ್ತಾರೆ.

ಎರಡನೆಯದು, ನಿಮ್ಮದೇ ಪೋಸ್ಟಿನಲ್ಲಿ ತಪ್ಪು ಲೆಕ್ಕ. ಗಣಿತದ ಟೀಚರ್‌ಗೆ ಇದಕ್ಕಿಂತ ದುಬಾರಿ ಏನಿಲ್ಲ. ಭಾನುವಾರ ಬರೆದದ್ದನ್ನು ಸೋಮವಾರ ಬ್ಯಾಚಿನ ಮಕ್ಕಳಿಗೆ ಮೊದಲು ಕೊಡಿ. ಅವರು ಬಿಡುವವರಲ್ಲ.

ಒಗಟು ಕಷ್ಟವಾಯಿತು ಅಂತ ಗೊತ್ತಾಗುವುದು ಸುಲಭ. ನೋಡಿದವರ ಸಂಖ್ಯೆ ಎಂದಿನಷ್ಟೇ ಇದ್ದು ಉತ್ತರ ಮಾತ್ರ ಒಂದೋ ಎರಡೋ ಬಂದರೆ ಒಗಟಿನದೇ ತಪ್ಪು. ನೋಡಿದವರೇ ಕಡಿಮೆ ಆಗಿದ್ದರೆ ಹಾಕಿದ ಹೊತ್ತು ಸರಿಯಿಲ್ಲ, ಇಲ್ಲವೇ ಒಂದೇ ರಾತ್ರಿ ಆರೇಳು ಸ್ಟೇಟಸ್ ಹಾಕಿದ್ದೀರಿ.

ಏನು ಎಣಿಸಬೇಕು

ಲೈಕ್ ಎಣಿಸುವುದಿಲ್ಲ. ವಿಚಾರಿಸಲು ಫೋನ್ ಮಾಡಿದ ಪ್ರತಿಯೊಬ್ಬರನ್ನೂ "ಹೇಗೆ ಗೊತ್ತಾಯ್ತು?" ಅಂತ ಕೇಳಿ, ಅದೇ ತಪ್ಪಿನ ಪುಸ್ತಕದ ಕೊನೆಯ ಪುಟದಲ್ಲಿ ಬರೆಯುತ್ತಾರೆ. ನಾವು ಹೀಗೆ ಮಾಡಿದ ಮೊದಲ ತಿಂಗಳು ಏಳು ಫೋನ್ ಬಂದವು. ಐದು ಜನ ಸ್ಟೇಟಸ್ ನೋಡಿದವರಲ್ಲ. ನೋಡಿದವರು ಸ್ಕ್ರೀನ್‌ಶಾಟ್ ತೆಗೆದು ಅಕ್ಕನಿಗೋ ಪಕ್ಕದ ಮನೆಯವರಿಗೋ ಕಳಿಸಿದ್ದರು. ಐದರಲ್ಲಿ ನಾಲ್ಕು ಪೋಷಕರ ಪೋಸ್ಟಿನ ಸ್ಕ್ರೀನ್‌ಶಾಟ್.

ಅದಾದ ಮೇಲೆ ಪೋಷಕರ ಪೋಸ್ಟಿನ ಮೂಲೆಯಲ್ಲಿ ಸಣ್ಣದಾಗಿ ಹೆಸರು, ಬಡಾವಣೆ, ಫೋನ್ ನಂಬರ್ ಬರೆಯಲು ಶುರು ಮಾಡಿದೆವು. ಚಿತ್ರ ಎಲ್ಲಿಗೆ ಹೋದರೂ ನಂಬರ್ ಜೊತೆಗೇ ಹೋಗುತ್ತದೆ. ಡಿಸೆಂಬರ್‌ಗೆ ಶನಿವಾರದ ಜೊತೆ ಒಂದು ಮಂಗಳವಾರವನ್ನೂ ಪೋಷಕರಿಗೇ ಕೊಡೋಣ ಅಂದಿದ್ದಾರೆ ಅತ್ತಿಗೆ. 22ಕ್ಕೆ ರಾಮಾನುಜನ್ ಹುಟ್ಟಿದ ದಿನ, ಅದೂ ಮಂಗಳವಾರವೇ. ಅಲ್ಲಿ ಮಾತ್ರ ಒಗಟು ಇಟ್ಟಿದ್ದೇವೆ.